ಸಂದರ್ಶನದ ಟ್ರಾನ್ಸ್‌ಕ್ರಿಪ್ಟ್: ಆಡಿದ್ದನ್ನೆಲ್ಲ ಬರೆಯುವುದೋ, ಸೋಸಿ ಬರೆಯುವುದೋ?

ಅರ್ಧಪ್ರಬಂಧ
ದಿನವೂ ತೆಗೆದುಕೊಳ್ಳಬೇಕಾದ ರಕ್ತದೊತ್ತಡದ ಮಾತ್ರೆಯನ್ನು ವೈದ್ಯರಿಗೆ ಹೇಳದೆ ಬಿಟ್ಟವರ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. 24 ಸಂದರ್ಶನಗಳಿವೆ. ಒಂದೊಂದೂ ಸುಮಾರು 50 ನಿಮಿಷ, ಒಟ್ಟು 20 ಗಂಟೆಯ ಧ್ವನಿ. ಮೊದಲ 9ನ್ನು ನಾನೇ ಟೈಪ್ ಮಾಡಿದೆ. ಹೊಸ ಹುರುಪು, ಹಾಗಾಗಿ ಕೆಮ್ಮು, ನಗು, ‘ಅಂದರೆ’, ‘ಅದೇನೋ’ ಎಲ್ಲವನ್ನೂ ಬರೆದಿದ್ದೆ. ಬೆರಳು ಸೋತ ಮೇಲೆ ಉಳಿದ 15ನ್ನು ಒಬ್ಬರಿಗೆ ಹಣ ಕೊಟ್ಟು ಮಾಡಿಸಿದೆ. ಅವರು ಅಚ್ಚುಕಟ್ಟಾಗಿ, ತೊಳೆದಿಟ್ಟ ಅಕ್ಕಿಯಂತೆ ಮಾಡಿಕೊಟ್ಟರು.

ಕೋಡಿಂಗ್ ಮಾಡುವಾಗ, ಅಂದರೆ ಮಾತಿನ ತುಣುಕುಗಳಿಗೆ ವಿಷಯದ ಗುರುತು ಹಾಕುವಾಗ, ಒಂದು ಸಂಗತಿ ಎದ್ದು ಕಂಡಿತು. ಮೊದಲ 9 ಮಂದಿ ಮಾತ್ರೆ ಬಿಟ್ಟದ್ದನ್ನು ಹೇಳುವಾಗ ತಡವರಿಸುತ್ತಾರೆ, ಉಳಿದವರು ಸರಾಗವಾಗಿ ಹೇಳುತ್ತಾರೆ. ಆ 9ರಲ್ಲಿ 7 ಮಂದಿ 60 ದಾಟಿದವರು. ‘ಹಿರಿಯರಲ್ಲಿ ತಪ್ಪಿತಸ್ಥ ಭಾವ ಹೆಚ್ಚು’ ಎಂದು ಎರಡು ಪುಟದ ಟಿಪ್ಪಣಿಯನ್ನೇ ಬರೆದುಬಿಟ್ಟೆ. ನಿನ್ನೆ ಬೇರೇನೋ ಹುಡುಕಲು 14ನೆಯ ಸಂದರ್ಶನದ ಧ್ವನಿ ಹಾಕಿದೆ. 34 ವರ್ಷದವರು. ಮೊದಲ ಒಂಬತ್ತರಲ್ಲಿ ಯಾರೂ ಇಷ್ಟು ತಡವರಿಸಿಲ್ಲ! ತಡವರಿಕೆಗೂ ವಯಸ್ಸಿಗೂ ಸಂಬಂಧವಿರಲಿಲ್ಲ, ಟೈಪ್ ಮಾಡಿದವರು ಯಾರು ಎಂಬುದಕ್ಕಿತ್ತು.

ಈಗ ನನ್ನ ಮುಂದೆ ಎರಡು ದಾರಿ. 15ನ್ನು ಮತ್ತೆ ಬರೆಯುವುದು, ಇಲ್ಲವೇ ನನ್ನ 9ನ್ನೂ ಸೋಸಿ ಒಂದೇ ಸಮ ಮಾಡುವುದು. ಮಾರ್ಗದರ್ಶಕರು ‘ಯಾವುದಾದರೂ ಒಂದೇ ಥರ ಇರಲಿ’ ಎಂದು ಹೇಳಿ ಕೈ ತೊಳೆದುಕೊಂಡರು. ನೀವೇನು ಮಾಡುತ್ತಿದ್ದಿರಿ?

ಸುಮ್ಮನೆ ಓದುಗ
9ನ್ನು ಸೋಸಿ. ಒಂದು ವಾರದ ಕೆಲಸ. ಮುಗಿಯಿತು.

ಶುದ್ಧಲಿಪಿ
ಸೋಸಲೇಬೇಡಿ. ಸಂಶೋಧನೆ ಎಂದ ಮೇಲೆ ಆಡಿದ್ದನ್ನೆಲ್ಲ ಬರೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದು ‘ಅ’ಕಾರ ಬಿಟ್ಟರೂ ಅದು ದತ್ತಾಂಶವನ್ನು ತಿದ್ದಿದ ಹಾಗೆ. ಸಂಭಾಷಣಾ ವಿಶ್ಲೇಷಣೆಯವರನ್ನು ನೋಡಿ, ಗೇಲ್ ಜೆಫರ್ಸನ್ ರೂಪಿಸಿದ ಚಿಹ್ನೆಗಳಲ್ಲಿ ಉಸಿರೆಳೆದದ್ದಕ್ಕೂ ಗುರುತಿದೆ, ಸೆಕೆಂಡಿನ ಹತ್ತನೆಯ ಒಂದು ಭಾಗದ ಮೌನಕ್ಕೂ ಲೆಕ್ಕವಿದೆ. 24ಕ್ಕೂ ಆ ಪದ್ಧತಿಯನ್ನೇ ಅನುಸರಿಸಿ. ಆಮೇಲೆ ಯಾರೂ ಬೆರಳು ತೋರಿಸಲಾರರು.

ಟೈಪಿಸುವ ಕೈ
ಶುದ್ಧಲಿಪಿಯವರೇ, 20 ಗಂಟೆಯ ಧ್ವನಿಯನ್ನು ಜೆಫರ್ಸನ್ ಪದ್ಧತಿಯಲ್ಲಿ ಬರೆಯಲು ಎಷ್ಟು ಹೊತ್ತು ಬೇಕು ಗೊತ್ತೇ? ಹನ್ನೊಂದು ವರ್ಷಗಳಿಂದ ಇದೇ ನನ್ನ ಜೀವನೋಪಾಯ. ಒಬ್ಬರೇ ಸ್ಪಷ್ಟವಾಗಿ ಮಾತನಾಡುವ ಒಂದು ಗಂಟೆಯ ಧ್ವನಿಯನ್ನು ಸೋಸಿ ಬರೆಯಲು ನನಗೆ ನಾಲ್ಕರಿಂದ ಐದು ಗಂಟೆ ಹಿಡಿಯುತ್ತದೆ. ತಡವರಿಕೆ, ನಗು ಸಮೇತ ಬರೆಯಲು ಆರರಿಂದ ಎಂಟು. ಒಮ್ಮೆ ಒಬ್ಬರಿಗೆ ಜೆಫರ್ಸನ್ ಚಿಹ್ನೆಗಳಲ್ಲಿ ಹತ್ತು ನಿಮಿಷದ ತುಣುಕು ಮಾಡಿಕೊಟ್ಟೆ, ಪೂರ್ತಿ ಒಂದು ದಿನ ಹೋಯಿತು. 20 ಗಂಟೆಗೆ ನೀವೇ ಗುಣಿಸಿ. ಅವರ ಪ್ರಬಂಧ ಮುಗಿಯುವ ಹೊತ್ತಿಗೆ ನಿವೃತ್ತಿ ವಯಸ್ಸಾಗಿರುತ್ತದೆ.

ಇನ್ನೊಂದು ಮಾತು. ಆ 15ನ್ನು ಮಾಡಿಕೊಟ್ಟವರನ್ನು ಬೈಯಬೇಡಿ. ಕೊಡುವಾಗ ಏನು ಹೇಳಿದ್ದಿರಿ? ‘ಚೆನ್ನಾಗಿ ಟೈಪ್ ಮಾಡಿ ಕೊಡಿ’ ಎಂದಿರುತ್ತೀರಿ. ನಮ್ಮ ಕಸುಬಿನಲ್ಲಿ ಚೆನ್ನಾಗಿ ಎಂದರೆ ಸೋಸಿ ಎಂದೇ ಅರ್ಥ.

ಅರ್ಧಪ್ರಬಂಧ
@ಟೈಪಿಸುವ ಕೈ, ನಾಚಿಕೆಯಾಗುತ್ತದೆ, ಅಕ್ಷರಶಃ ಅದೇ ವಾಕ್ಯವನ್ನು ಹೇಳಿದ್ದೆ. ಬೈಯುವ ಉದ್ದೇಶವಿಲ್ಲ.

ಹಳೆಯ ವರದಿಗಾರ
ನಾನು ಪತ್ರಿಕೆಯಲ್ಲಿ ಸಂದರ್ಶನ ಮಾಡುತ್ತಿದ್ದವನು. ಓದುಗರಿಗೆ ‘ಹೂಂ’ ‘ಅಂದರೆ’ ಯಾಕೆ ಬೇಕು? ವ್ಯಕ್ತಿಯ ಘನತೆ ಉಳಿಯುವಂತೆ ಬರೆಯುವುದು ಮರ್ಯಾದೆ. ಒಬ್ಬ ಹಿರಿಯ ಕಲಾವಿದರ ಮಾತನ್ನು ಇದ್ದಂತೆಯೇ ಅಚ್ಚು ಹಾಕಿದ್ದಕ್ಕೆ ಅವರು ಎರಡು ವರ್ಷ ನನ್ನೊಂದಿಗೆ ಮಾತು ಬಿಟ್ಟಿದ್ದರು. ಪ್ರಕಟಣೆಗೆ ಸೋಸಿದ್ದೇ ಸರಿ.

ಸುಮ್ಮನೆ ಓದುಗ
ಸರ್, ಅವರು ಕೇಳುತ್ತಿರುವುದು ಪ್ರಕಟಣೆಯ ಬಗ್ಗೆ ಅಲ್ಲ, ವಿಶ್ಲೇಷಣೆಯ ಬಗ್ಗೆ.

ಹಳೆಯ ವರದಿಗಾರ
ಕೊನೆಗೆ ಪ್ರಬಂಧದಲ್ಲಿ ಉದ್ಧರಣೆ ಹಾಕುತ್ತಾರಲ್ಲ, ಅದು ಪ್ರಕಟಣೆಯಲ್ಲದೆ ಇನ್ನೇನು?

ಕಿವಿಗೊಟ್ಟವಳು
ಎರಡೂ ಬೇರೆ ಬೇರೆ ಹಂತಗಳು ಸರ್, ಆದರೆ ನಿಮ್ಮ ಕಲಾವಿದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಗುಣಾತ್ಮಕ ಸಂಶೋಧನೆಯಲ್ಲಿ ನಾನು ಬಹಳ ಕಾಲ ಪಳಗಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

@ಅರ್ಧಪ್ರಬಂಧ, ‘ಯಾವ ಶೈಲಿ’ ಎನ್ನುವುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಿಮ್ಮ ವಿಶ್ಲೇಷಣೆ ಯಾವುದರ ಮೇಲೆ ನಿಂತಿದೆ? ಜನ ಮಾತ್ರೆ ಬಿಡಲು ಕೊಟ್ಟ ಕಾರಣಗಳು ಮಾತ್ರ ಬೇಕಿದ್ದರೆ ಸೋಸಿದ್ದು ಬಹುಮಟ್ಟಿಗೆ ಸಾಕು. ಆದರೆ ನೀವು ಬರೆದ ಟಿಪ್ಪಣಿ ತಪ್ಪಿತಸ್ಥ ಭಾವದ ಬಗ್ಗೆ. ಅಂದರೆ ಏನು ಹೇಳಿದರು ಎಂಬುದರ ಜೊತೆಗೆ ಹೇಗೆ ಹೇಳಿದರು ಎಂಬುದನ್ನೂ ನೀವು ಆಗಲೇ ಓದುತ್ತಿದ್ದೀರಿ. ಆ ಟಿಪ್ಪಣಿ ತಪ್ಪಾಗಿರಬಹುದು, ಆದರೆ ಅದರಲ್ಲಿರುವ ಪ್ರಶ್ನೆ ನಿಮ್ಮದೇ. 9ನ್ನು ಸೋಸಿದರೆ ಆ ಪ್ರಶ್ನೆಯನ್ನೇ ಎಸೆದ ಹಾಗಾಗುತ್ತದೆ.

ನನ್ನ ಹಳೆಯ ಕೆಲಸವೊಂದರಿಂದ ಒಂದು ತುಣುಕು ಕೊಡುತ್ತೇನೆ. ವಿಷಯ ನಿಮ್ಮದಕ್ಕೆ ಹತ್ತಿರದ್ದೇ. ಗುರುತು ಸಿಗದಂತೆ ಬದಲಿಸಿದ್ದೇನೆ, ಓದಲು ಸುಲಭವಾಗಲಿ ಎಂದು ಪದರೂಪಗಳನ್ನು ಬರಹದ ಕನ್ನಡಕ್ಕೆ ತಂದಿದ್ದೇನೆ.

ಸೋಸಿದ್ದು: ‘ಮಳೆಗಾಲದ ಹೊತ್ತಿಗೆ ಮಾತ್ರೆ ನಿಂತುಹೋಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.’

ಆಡಿದ್ದು: ‘ಮಳೆಗಾಲದ ಹೊತ್ತಿಗೆ ಮಾತ್ರೆ ನಿಲ್ಲಿಸಿ– ಅಂದರೆ (3) ನಿಂತುಹೋಯಿತು. ಮನೆಯಲ್ಲಿ ಯಾರಿ– ಯಾರಿಗೂ ಹೇಳಲಿಲ್ಲ (ನಗು: ಹೇಳುವವರು).’

‘ನಿಲ್ಲಿಸಿ’ ಎಂದು ಶುರುವಾದ ಮಾತು ‘ನಿಂತುಹೋಯಿತು’ ಎಂದು ಮುಗಿಯಿತು. ಮೊದಲನೆಯದರಲ್ಲಿ ಮಾಡಿದವರು ಅವರೇ, ಎರಡನೆಯದರಲ್ಲಿ ತಾನಾಗಿಯೇ ಆದ ಸಂಗತಿ. ನಡುವೆ ಮೂರು ಸೆಕೆಂಡು ಮೌನ. ಹೊಣೆ ಜಾರಿದ್ದು ಆ ಮೂರು ಸೆಕೆಂಡಿನಲ್ಲಿ. ಸೋಸಿದವರು ಕೊನೆಯ ರೂಪವನ್ನು ಮಾತ್ರ ಉಳಿಸಿಕೊಂಡರು, ಅವರ ನಿಯಮದ ಪ್ರಕಾರ ಅದು ಸರಿಯೇ. ಆದರೆ ನನಗೆ ಬೇಕಾಗಿದ್ದದ್ದು ಬುಟ್ಟಿಗೆ ಹೋಗಿತ್ತು. ಮತ್ತೊಂದನ್ನೂ ಗಮನಿಸಿ. ‘ಯಾರಿ– ಯಾರಿಗೂ’ ಎನ್ನುವುದರಲ್ಲಿ ಅಂಥದ್ದೇನೂ ಇಲ್ಲ, ನಾಲಿಗೆ ತೊಡರಿದೆ ಅಷ್ಟೇ. ಅದು ಹೋದರೂ ನನಗೆ ನಷ್ಟವಿಲ್ಲ.

ಹಾಗಾಗಿ ನನ್ನ ಸೂತ್ರ ಇಷ್ಟು: ಅರ್ಧಕ್ಕೆ ಬಿಟ್ಟ ಮಾತನ್ನು ಬೇರೆ ಪದದಿಂದ ಮುಂದುವರಿಸಿದರೆ ಎರಡನ್ನೂ ಬರೆಯಬೇಕು. ಅದೇ ಪದವನ್ನು ಎರಡು ಬಾರಿ ಹೇಳಿದರೆ ಒಂದು ಸಾಕು. ಈ ಒಂದು ನಿಯಮದಿಂದಲೇ ಟೈಪಿಂಗ್ ಹೊರೆ ಎಷ್ಟೋ ಇಳಿಯುತ್ತದೆ.

ಶುದ್ಧಲಿಪಿ
ಒಪ್ಪುತ್ತೇನೆ, ಆದರೆ ಒಂದು ತಕರಾರು. ‘ಪದರೂಪಗಳನ್ನು ಬರಹದ ಕನ್ನಡಕ್ಕೆ ತಂದಿದ್ದೇನೆ’ ಎಂದಿರಲ್ಲ. ಅಂದಮೇಲೆ ನಿಮ್ಮ ‘ಆಡಿದ್ದು’ ಎನ್ನುವುದೂ ತೊಳೆದದ್ದೇ ಆಯಿತಲ್ಲ? ಯಾರೂ ‘ನಿಂತುಹೋಯಿತು’ ಎಂದು ಬಿಡಿಸಿ ಬಿಡಿಸಿ ಮಾತನಾಡುವುದಿಲ್ಲ.

ಕಿವಿಗೊಟ್ಟವಳು
ಸಿಕ್ಕಿಬಿದ್ದೆ. ನಿಜ. ಭಾಷಾ ಮಾನವಶಾಸ್ತ್ರಜ್ಞೆ ಎಲಿನಾರ್ ಓಕ್ಸ್ 1979ರಲ್ಲೇ ಇದನ್ನು ಹೇಳಿದ್ದರು: ಮಾತನ್ನು ಬರಹಕ್ಕೆ ಇಳಿಸುವುದೇ ಆಯ್ಕೆಯ ಕೆಲಸ, ಆ ಆಯ್ಕೆಯ ಹಿಂದೆ ನಮ್ಮ ಸಿದ್ಧಾಂತ ಇದ್ದೇ ಇರುತ್ತದೆ. ಕನ್ನಡದಲ್ಲಿ ಆಡುಮಾತಿಗೂ ಬರಹಕ್ಕೂ ಇರುವ ಅಂತರ ದೊಡ್ಡದಾದ್ದರಿಂದ ಅದು ಇನ್ನೂ ಚುಚ್ಚುತ್ತದೆ. ಆದರೆ ಪದರೂಪ ತಿದ್ದುವುದು ಒಂದು ಬಗೆಯ ಸೋಸುವಿಕೆ, ತಡವರಿಕೆ ತೆಗೆಯುವುದು ಇನ್ನೊಂದು. ಒಂದನ್ನು ಮಾಡಿದ ಮಾತ್ರಕ್ಕೆ ಇನ್ನೊಂದನ್ನೂ ಮಾಡಲೇಬೇಕೆಂದಿಲ್ಲ. ಯಾವುದನ್ನು ಮಾಡಿದ್ದೇನೆ ಎಂದು ವಿಧಾನದ ಅಧ್ಯಾಯದಲ್ಲಿ ಬರೆದರಾಯಿತು.

ಶುದ್ಧಲಿಪಿ
ನನಗೆ ಇದು ಒಪ್ಪಿಗೆಯಿಲ್ಲ. ಒಬ್ಬರ ಆಡುಮಾತನ್ನು ಬರಹದ ಕನ್ನಡಕ್ಕೆ ತಂದರೆ ಅವರು ಎಲ್ಲಿಯವರು, ಎಷ್ಟು ಓದಿದವರು, ಎಲ್ಲವೂ ಅಳಿಸಿಹೋಗುತ್ತದೆ.

ಟೈಪಿಸುವ ಕೈ
ಅಳಿಸಿಹೋಗುವುದೇ ಒಳ್ಳೆಯದು ಎನ್ನುವವರೂ ಇದ್ದಾರೆ, ಗುರುತು ಸಿಗಬಾರದಲ್ಲ. ಅದೂ ಅಲ್ಲದೆ ಆಡುಮಾತನ್ನು ಕೇಳಿದಂತೆಯೇ ಬರೆಯಿರಿ ಎಂದರೆ ಒಂದೇ ಪದವನ್ನು ನಾನು ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ಬರೆದಿರುತ್ತೇನೆ. ಆಮೇಲೆ ಕಡತದಲ್ಲಿ ಒಂದು ಪದ ಹುಡುಕಲು ಹೋದರೆ ಅರ್ಧ ಸಿಗುವುದಿಲ್ಲ.

ಎರಡನೇ ಕಪ್
ಸೋಸುವುದರ ಬಗ್ಗೆ ನನ್ನ ಅವಾಂತರ ಕೇಳಿ. ಎಂ.ಎ. ಪ್ರಬಂಧಕ್ಕೆ 8 ಸಂದರ್ಶನ ಮಾಡಿದ್ದೆ. ಎಲ್ಲವನ್ನೂ ತಡವರಿಕೆ ಸಮೇತ ಬರೆದು, ಆಮೇಲೆ ಜಾಣತನ ಮಾಡಿ, ಹುಡುಕಿ ಬದಲಿಸುವ ಆಯ್ಕೆ ಬಳಸಿ ಎಲ್ಲ ‘ಅಂದರೆ’, ಎಲ್ಲ ‘ಮತ್ತೆ’ಗಳನ್ನು ಒಂದೇ ಏಟಿಗೆ ಅಳಿಸಿದೆ. ಎರಡು ನಿಮಿಷದ ಕೆಲಸ, ಬಹಳ ಹೆಮ್ಮೆಯೂ ಆಯಿತು.

‘ಸೂಜಿ ಅಂದರೆ ಭಯ’ ಎಂದಿದ್ದದ್ದು ‘ಸೂಜಿ ಭಯ’ ಆಯಿತು. ಅದು ಹೋಗಲಿ, ಓದಿದರೆ ಗೊತ್ತಾಗುತ್ತದೆ. ‘ಮತ್ತೆ ಕೆಲಸಕ್ಕೆ ಸೇರಿದೆ’ ಎಂದು ನಾಲ್ಕು ಮಂದಿ ಹೇಳಿದ್ದರು. ಎಲ್ಲರೂ ‘ಕೆಲಸಕ್ಕೆ ಸೇರಿದೆ’ ಆದರು. ಕೆಲಸ ಬಿಟ್ಟು ಮರಳಿದವರ ಬಗ್ಗೆಯೇ ನನ್ನ ಅಧ್ಯಯನ! ಓದಿದರೆ ವಾಕ್ಯದಲ್ಲಿ ಏನೂ ತಪ್ಪು ಕಾಣುವುದಿಲ್ಲ, ಅದೇ ಅಪಾಯ. ಹಳೆಯ ಕಡತ ಉಳಿಸಿಕೊಂಡಿರಲಿಲ್ಲ.

ಸುಮ್ಮನೆ ಓದುಗ
ನಕ್ಕಿದ್ದಕ್ಕೆ ಕ್ಷಮಿಸಿ.

ಎರಡನೇ ಕಪ್
ಯಾರು ನಕ್ಕರು ಎಂದು ನಮೂದಿಸಿ. (ನಗು: ಓದುಗ)

ಟೈಪಿಸುವ ಕೈ
ಎರಡನೇ ಕಪ್ ಹೇಳಿದ್ದು ಚಿನ್ನದಂಥ ಮಾತು. ಅದಕ್ಕೆ ನನ್ನದೊಂದನ್ನು ಸೇರಿಸುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ‘ಹೂಂ’ ಮತ್ತು ‘ಉಹೂಂ’ ಎರಡನ್ನೂ ಬರೀ ಸದ್ದು ಎಂದು ಬಿಟ್ಟುಬಿಡುತ್ತಾರೆ. ‘ಮಾತ್ರೆ ಬಿಟ್ಟದ್ದಕ್ಕೆ ಬೇಸರವಿದೆಯೇ?’ ಎಂದು ಕೇಳಿದಾಗ ‘ಉಹೂಂ’ ಎಂದರೆ ಅದು ಸ್ಪಷ್ಟವಾದ ಉತ್ತರ. ಅದನ್ನು ತೆಗೆದರೆ ಮುಂದಿನ ಪ್ರಶ್ನೆ ಆಕಾಶದಿಂದ ಉದುರಿದಂತೆ ಕಾಣುತ್ತದೆ. ಎರಡು ಪ್ರಶ್ನೆಗಳು ಒಂದರ ಹಿಂದೆ ಒಂದು, ನಡುವೆ ಉತ್ತರವಿಲ್ಲ ಎಂದು ಕಂಡರೆ ಧ್ವನಿ ತೆಗೆದು ಕೇಳಲೇಬೇಕು. ಸಂದರ್ಶಕರು ನಡುನಡುವೆ ‘ಹೂಂ... ಹೂಂ...’ ಎನ್ನುತ್ತಾರಲ್ಲ, ಅದು ‘ಕೇಳುತ್ತಿದ್ದೇನೆ, ಮುಂದುವರಿಸಿ’ ಎನ್ನುವುದು. ಅದನ್ನು ನಾನು ಬಿಡುತ್ತೇನೆ.

ಶುದ್ಧಲಿಪಿ
ಸಂದರ್ಶಕರ ‘ಹೂಂ’ ಬಿಡುವುದೂ ತಪ್ಪು. ಉತ್ತರ ಕೊಡುವವರು ನಡುವೆ ನಿಂತಾಗ ನೀವು ‘ಹೂಂ’ ಎಂದಿರೋ ಸುಮ್ಮನಿದ್ದಿರೋ ಎಂಬುದರ ಮೇಲೆ ಮುಂದಿನ ಮಾತು ನಿಂತಿರುತ್ತದೆ.

ಕಿವಿಗೊಟ್ಟವಳು
ಈ ಸಲ ಶುದ್ಧಲಿಪಿಯವರು ಹೇಳಿದ್ದರಲ್ಲಿ ಹುರುಳಿದೆ. ಆದರೆ ಎಲ್ಲ ‘ಹೂಂ’ಗಳೂ ಬೇಡ. ಎದುರಿನವರು ನಿಲ್ಲಿಸಿದ ಮೇಲೆ ಬಂದ ‘ಹೂಂ’ ಬೇಕು, ಅವರ ಮಾತಿನ ಅಡಿಯಲ್ಲಿ ಹರಿದುಹೋದದ್ದು ಬೇಡ.

ಗಣಿತದವ
ಥೀಮ್ಯಾಟಿಕ್ ವಿಶ್ಲೇಷಣೆ, ಅಂದರೆ ಮಾತಿನಲ್ಲಿ ಮರುಕಳಿಸುವ ವಿಷಯಗಳನ್ನು ಹುಡುಕುವ ವಿಧಾನ, ಅನುಸರಿಸುವವರಿಗೆ ಇದೆಲ್ಲ ಬೇಕಿಲ್ಲವಂತೆ. ಆ ವಿಧಾನದ ಬಗ್ಗೆ ಬರೆದ ಬ್ರೌನ್ ಮತ್ತು ಕ್ಲಾರ್ಕ್ ಹಾಗೆಯೇ ಹೇಳಿದ್ದಾರೆ ಎಂದು ಒಂದು ಕಾರ್ಯಾಗಾರದಲ್ಲಿ ಕೇಳಿದ್ದೆ. ಸೋಸಿದ್ದು ಸಾಕು ಎಂದು ಅರ್ಥವಲ್ಲವೇ?

ಕಿವಿಗೊಟ್ಟವಳು
ಅರ್ಧ ಸರಿ. 2006ರ ಅವರ ಲೇಖನದಲ್ಲಿ ಸಂಭಾಷಣಾ ವಿಶ್ಲೇಷಣೆಯಷ್ಟು ಸೂಕ್ಷ್ಮ ವಿವರ ಬೇಕಿಲ್ಲ ಎಂದಿದ್ದಾರೆ. ಆದರೆ ಅದರ ಬೆನ್ನಿಗೇ, ಆಡಿದ ಮಾತುಗಳನ್ನೆಲ್ಲ ಒಳಗೊಂಡ ಕಟ್ಟುನಿಟ್ಟಾದ ದಾಖಲೆ ಕನಿಷ್ಠ ಅಗತ್ಯ ಎಂದೂ ಇದೆ, ಕೆಲವೊಮ್ಮೆ ಕೆಮ್ಮಿನಂಥ ಸದ್ದುಗಳೂ ಸೇರಿ. ಮೊದಲ ಭಾಗವನ್ನು ಮಾತ್ರ ಕಾರ್ಯಾಗಾರಗಳಲ್ಲಿ ಹೇಳುತ್ತಾರೆ.

ಗಣಿತದವ
ಅಂದರೆ ಜೆಫರ್ಸನ್ನೂ ಅಲ್ಲ, ಸೋಸಿದ್ದೂ ಅಲ್ಲ, ನಡುವಿನದು. ಸರಿ.

ಅರ್ಧಪ್ರಬಂಧ
ಎಲ್ಲರಿಗೂ ಧನ್ಯವಾದ. ಇದೆಲ್ಲ ಓದುತ್ತಾ ಹೊಳೆದದ್ದು, ಮೊದಲೇ ಹೇಳಬೇಕಿತ್ತು. ನೈತಿಕ ಸಮಿತಿಗೆ ಕೊಟ್ಟ ಅರ್ಜಿಯಲ್ಲಿ ‘ಟ್ರಾನ್ಸ್‌ಕ್ರಿಪ್ಟ್ ಪರಿಶೀಲನೆ ಮುಗಿದ ಆರು ತಿಂಗಳಲ್ಲಿ ಧ್ವನಿಯನ್ನು ಅಳಿಸಲಾಗುವುದು’ ಎಂದು ಬರೆದುಕೊಟ್ಟಿದ್ದೇನೆ. ಒಪ್ಪಿಗೆ ಪತ್ರದಲ್ಲೂ ಅದೇ ಇದೆ. ಅದರಲ್ಲಿ ಎರಡು ತಿಂಗಳು ಆಗಲೇ ಕಳೆದಿದೆ.

ಕಿವಿಗೊಟ್ಟವಳು
ಹಾಗಾದರೆ ಚರ್ಚೆಯೇ ಬದಲಾಯಿತು. ಧ್ವನಿ ಇರುವವರೆಗೆ ಸೋಸಿದ್ದು ಒಂದು ಅನುಕೂಲ, ಯಾವಾಗ ಬೇಕಾದರೂ ಹಿಂದಿರುಗಿ ಕೇಳಬಹುದು. ಧ್ವನಿ ಅಳಿದ ಮೇಲೆ ಕಾಗದದಲ್ಲಿರುವುದೇ ಎಲ್ಲ. ತಡವರಿಕೆ ಇರುವ ಕಡತದಿಂದ ಸೋಸಿದ್ದನ್ನು ಎಂದಾದರೂ ಮಾಡಿಕೊಳ್ಳಬಹುದು, ಸೋಸಿದ್ದರಿಂದ ತಡವರಿಕೆಯನ್ನು ಹುಟ್ಟಿಸಲು ಸಾಧ್ಯವಿಲ್ಲ. ಅವಧಿ ವಿಸ್ತರಿಸಬೇಕೆಂದಿದ್ದರೆ ಸಮಿತಿಗೆ ಈಗಲೇ ಬರೆಯಿರಿ. ಆದರೆ ಒಪ್ಪಿಗೆ ಪತ್ರದಲ್ಲೂ ಆರು ತಿಂಗಳು ಎಂದೇ ಇದೆಯಾದ್ದರಿಂದ 24 ಮಂದಿಯನ್ನೂ ಮತ್ತೆ ಕೇಳಬೇಕಾಗಿ ಬರಬಹುದು. ಅದನ್ನು ನಂಬಿ ಕೂರಬೇಡಿ.

ನಾನಾಗಿದ್ದರೆ 15ನ್ನೂ ಮೊದಲಿನಿಂದ ಟೈಪ್ ಮಾಡುತ್ತಿರಲಿಲ್ಲ. ಸೋಸಿದ ಕಡತವನ್ನು ಮುಂದೆ ತೆರೆದಿಟ್ಟುಕೊಂಡು ಧ್ವನಿ ಕೇಳುತ್ತಾ, ಬಿಟ್ಟುಹೋದದ್ದನ್ನು ಮಾತ್ರ ಸೇರಿಸುತ್ತಿದ್ದೆ. ಪದಗಳು ಆಗಲೇ ಇರುವುದರಿಂದ 50 ನಿಮಿಷದ ಧ್ವನಿಗೆ ಎರಡರಿಂದ ಎರಡೂವರೆ ಗಂಟೆ ಸಾಕಾಗುತ್ತದೆ, 15ಕ್ಕೆ ಸುಮಾರು 35 ಗಂಟೆ. ಶುರು ಮಾಡುವ ಮೊದಲು ನಿಯಮಗಳನ್ನು ಒಂದೇ ಪುಟದಲ್ಲಿ ಬರೆದುಕೊಳ್ಳಿ, ನಿಮ್ಮ 9ನ್ನೂ ಅದೇ ನಿಯಮಕ್ಕೆ ಹೊಂದಿಸಿ. ಹುರುಪಿನಲ್ಲಿ ಬರೆದ ಆ 9ರಲ್ಲಿ ಮೊದಲನೆಯದಕ್ಕೂ ಒಂಬತ್ತನೆಯದಕ್ಕೂ ವ್ಯತ್ಯಾಸವಿಲ್ಲ ಎಂದು ನಾನಂತೂ ನಂಬುವುದಿಲ್ಲ.

ಟೈಪಿಸುವ ಕೈ
ಮೂರು ಚುಕ್ಕಿಯ ಬಗ್ಗೆ ಆ ಪುಟದಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ. ಜನ ಮೌನಕ್ಕೂ ಮೂರು ಚುಕ್ಕಿ ಹಾಕುತ್ತಾರೆ, ಅರ್ಧಕ್ಕೆ ಬಿಟ್ಟ ಪದಕ್ಕೂ ಹಾಕುತ್ತಾರೆ, ಆಮೇಲೆ ಪ್ರಬಂಧದಲ್ಲಿ ಉದ್ಧರಣೆ ಮೊಟಕುಗೊಳಿಸಿದಾಗಲೂ ಹಾಕುತ್ತಾರೆ. ಆ ವ್ಯಕ್ತಿ ಸುಮ್ಮನಾದರೋ, ನೀವು ಕತ್ತರಿಸಿದಿರೋ ಎಂದು ಓದುವವರಿಗೆ ತಿಳಿಯುವುದೇ ಇಲ್ಲ. ಮೇಲೆ ಮೇಡಂ ಮಾಡಿದಂತೆ ಮೌನಕ್ಕೆ ಕಂಸದಲ್ಲಿ ಸೆಕೆಂಡು, ಮುರಿದ ಪದಕ್ಕೆ ಅಡ್ಡಗೆರೆ. ನೀವು ಕತ್ತರಿಸಿದ್ದಕ್ಕೆ [...] ಇರಲಿ.

ಅರ್ಧಪ್ರಬಂಧ
ಎಷ್ಟು ಹೊತ್ತಿನ ಮೌನವನ್ನು ಬರೆಯಬೇಕು? ನಗುವಿಗೆ ಏನು ಮಾಡಬೇಕು? ನಾನು ‘(ನಾಚಿ ನಕ್ಕರು)’, ‘(ಕಹಿಯಾಗಿ ನಕ್ಕರು)’ ಎಂದೆಲ್ಲ ಬರೆದಿದ್ದೇನೆ.

ಕಿವಿಗೊಟ್ಟವಳು
ಮೌನಕ್ಕೆ ಎರಡು ಸೆಕೆಂಡಿನಿಂದ ಮೇಲೆ ಎಂದಿಟ್ಟುಕೊಳ್ಳಿ, ನಿಮ್ಮ ಕೆಲಸಕ್ಕೆ ಅದು ಸಾಕು. ನಗುವಿನಲ್ಲಿ ‘ನಾಚಿ’, ‘ಕಹಿಯಾಗಿ’ ಎನ್ನುವುದನ್ನು ತೆಗೆಯಿರಿ. ಅದು ವಿಶ್ಲೇಷಣೆ, ಟ್ರಾನ್ಸ್‌ಕ್ರಿಪ್ಟ್ ಅಲ್ಲ. ಮೊದಲ ದಿನ ಕಿವಿಗೆ ನಾಚಿಕೆ ಎನಿಸಿದ್ದು ಆರು ತಿಂಗಳ ನಂತರ ‘ನಾಚಿಕೆ’ ಎಂಬ ಥೀಮ್ ಆಗಿ ಕೂರುತ್ತದೆ, ಅದಕ್ಕೆ ಆಧಾರ ಎಲ್ಲಿ ಎಂದರೆ ನೀವೇ ಬರೆದ ಕಂಸ! ಬದಲಿಗೆ ಮೂರನ್ನು ದಾಖಲಿಸಿ: ಯಾರು ನಕ್ಕರು, ಯಾವ ಪದದ ಬಳಿ ನಕ್ಕರು, ಎದುರಿನವರೂ ನಕ್ಕರೇ.

ಆ ಮೂರನೆಯದು ಸಣ್ಣ ವಿಷಯವಲ್ಲ. ಕಷ್ಟ ಹೇಳಿಕೊಳ್ಳುವಾಗಿನ ನಗುವಿನ ಬಗ್ಗೆ ಜೆಫರ್ಸನ್ 1984ರಲ್ಲಿ ಬರೆದಿದ್ದಾರೆ. ಕಷ್ಟ ಹೇಳುವವರು ನಗುತ್ತಾರೆ, ಕೇಳುವವರು ಸಾಮಾನ್ಯವಾಗಿ ಜೊತೆಗೆ ನಗುವುದಿಲ್ಲ, ಗಂಭೀರವಾಗಿ ಮುಂದುವರಿಯುತ್ತಾರೆ. ಹೇಳುವವರ ಆ ನಗು ತಮಾಷೆಯಲ್ಲ, ‘ನಾನು ಇದನ್ನು ನಿಭಾಯಿಸುತ್ತಿದ್ದೇನೆ’ ಎಂದು ತೋರುವ ರೀತಿ. ಈಗ ನಿಮ್ಮ ಕಡತದಲ್ಲಿ ಬರೀ ‘(ನಗು)’ ಎಂದಿದ್ದರೆ ಇಬ್ಬರೂ ಸೇರಿ ನಕ್ಕ ಹಾಸ್ಯವೂ ಅದೇ, ಒಬ್ಬರೇ ನಕ್ಕ ಸಂಕಟವೂ ಅದೇ.

ಎರಡನೇ ಕಪ್
ಆದರೆ ಮೇಡಂ, ಧ್ವನಿ ಅಳಿದ ಮೇಲೆ ಆ ನಗುವಿನ ಬಣ್ಣ ಶಾಶ್ವತವಾಗಿ ಹೋಗುತ್ತದಲ್ಲ? ಎದುರು ಕೂತವರಿಗೆ ಮಾತ್ರ ಅದು ಗೊತ್ತು. ‘ಕಹಿಯಾಗಿ’ ಎಂದು ಬರೆದಿಟ್ಟರೆ ಏನಾದರೂ ಉಳಿಯುತ್ತದೆ.

ಕಿವಿಗೊಟ್ಟವಳು
ಬರೆದಿಡಿ, ಆದರೆ ಬೇರೆ ಕಡೆ. ಕ್ಷೇತ್ರ ಟಿಪ್ಪಣಿಯಲ್ಲಿ ದಿನಾಂಕ ಹಾಕಿ ‘ನನಗೆ ಕಹಿ ಎನಿಸಿತು’ ಎಂದಿದ್ದರೆ ತಕರಾರಿಲ್ಲ.

ಎರಡನೇ ಕಪ್
ಊಹೂಂ. ಆಗ ಎರಡು ಕಡತವನ್ನು ಒಟ್ಟಿಗೆ ತೆರೆದು ಓದುವವರು ಯಾರು? ಯಾರೂ ಇಲ್ಲ. ಇದರಲ್ಲಿ ನಾನು ನಿಮ್ಮ ಪಕ್ಷವಲ್ಲ.

ಹಳೆಯ ವರದಿಗಾರ
ನನ್ನ ಕಲಾವಿದರಿಗೆ ಬರುತ್ತೇನೆ ಎಂದಿದ್ದಿರಿ.

ಕಿವಿಗೊಟ್ಟವಳು
ಹೌದು ಸರ್, ಮರೆತಿದ್ದೆ. ಟ್ರಾನ್ಸ್‌ಕ್ರಿಪ್ಟನ್ನು ಮಾತನಾಡಿದವರಿಗೇ ಓದಲು ಕೊಡುವ ಪದ್ಧತಿ ನಮ್ಮಲ್ಲೂ ಇದೆ. ಒಮ್ಮೆ ಪೂರ್ತಿ ತಡವರಿಕೆಯ ಪ್ರತಿಯನ್ನೇ ಕಳುಹಿಸಿದ್ದೆ. ಒಬ್ಬ ಶಿಕ್ಷಕಿ ಫೋನ್ ಮಾಡಿ, ‘ನಾನು ಇಷ್ಟು ಕೆಟ್ಟದಾಗಿ ಮಾತನಾಡುತ್ತೇನೆಯೇ?’ ಎಂದು ಕೇಳಿ, ಸಂದರ್ಶನವನ್ನೇ ಹಿಂತೆಗೆದುಕೊಂಡರು. ಅಂದಿನಿಂದ ಅವರಿಗೆ ಸೋಸಿದ ಪ್ರತಿ, ವಿಶ್ಲೇಷಣೆಗೆ ಇನ್ನೊಂದು. ಪ್ರಬಂಧದಲ್ಲಿಯೂ ತಡವರಿಕೆಯೇ ನನ್ನ ವಾದಕ್ಕೆ ಆಧಾರವಾಗಿದ್ದರೆ ಮಾತ್ರ ಅದನ್ನು ಉಳಿಸುತ್ತೇನೆ. ನಿಮ್ಮ ಮರ್ಯಾದೆಯ ಮಾತು ಅಲ್ಲಿ ಸರಿ.

ಹಳೆಯ ವರದಿಗಾರ
ನಲವತ್ತು ವರ್ಷದಲ್ಲಿ ಮೊದಲ ಬಾರಿ ಪಿಎಚ್‌ಡಿಯವರು ನನ್ನ ಮಾತು ಒಪ್ಪಿದ್ದು.

ಅರ್ಧಪ್ರಬಂಧ
ನಾಲ್ಕು ದಿನಗಳ ನಂತರದ ವರದಿ. 14ನೆಯದನ್ನು ಮೊದಲು ಹಿಡಿದೆ. ಕಿವಿಗೊಟ್ಟವಳು ಹೇಳಿದ ಎರಡೂವರೆ ಗಂಟೆ ಸುಳ್ಳು, ನನಗೆ ಮೂರೂಕಾಲು ಹಿಡಿಯಿತು. ಸೋಸಿದ ಪ್ರತಿಯಲ್ಲಿ ‘ಹೆಂಡತಿಗೆ ಗೊತ್ತಿತ್ತು’ ಎಂದಿತ್ತು. ಧ್ವನಿಯಲ್ಲಿ ‘ಹೆಂಡತಿಗೆ ಹೇಳಿ– (4) ಹೆಂಡತಿಗೆ ಗೊತ್ತಿತ್ತು’ ಎಂದಿದೆ. ನಾಲ್ಕು ಸೆಕೆಂಡಿನ ನಡುವೆ ನಾನು ‘ಹೂಂ’ ಎಂದಿದ್ದೇನೆ. ಹೇಳಿದ್ದೆ ಎನ್ನಲು ಹೊರಟು ಗೊತ್ತಿತ್ತು ಎಂದರೋ, ಹೇಳಿರಲಿಲ್ಲ ಎನ್ನಲು ಹೊರಟಿದ್ದರೋ, ಐದು ಸಲ ಕೇಳಿದರೂ ತಿಳಿಯಲಿಲ್ಲ. ಎರಡನ್ನೂ ಬರೆದಿಟ್ಟಿದ್ದೇನೆ.

ಹಿರಿಯರ ಬಗ್ಗೆ ಬರೆದ ಎರಡು ಪುಟವನ್ನು ಅಳಿಸಿಲ್ಲ, ಮೇಲೆ ‘ನಂಬಬೇಡ’ ಎಂದು ಬರೆದಿದ್ದೇನೆ. ಇನ್ನು 14 ಉಳಿದಿವೆ.

ಶುದ್ಧಲಿಪಿ
ಆ ‘ಹೂಂ’ ಎಷ್ಟನೆಯ ಸೆಕೆಂಡಿನಲ್ಲಿ ಬಂತು?

ಅರ್ಧಪ್ರಬಂಧ
ಮೂರನೆಯದರಲ್ಲಿ. ನೀವು ಕೇಳುತ್ತೀರಿ ಎಂದು ಗೊತ್ತಿತ್ತು, ನೋಡಿಟ್ಟುಕೊಂಡಿದ್ದೆ.